ಚೌಕದ ಹಾಳೆಯ ಮೇಲೆ ದಿಕ್ಕಿನ ಲೆಕ್ಕ

ಎಫ್‌ಡಿಎ ಪರೀಕ್ಷೆಗೆ ಓದುವಾಗ ದಿಕ್ಕು-ದೂರದ ಲೆಕ್ಕದಲ್ಲಿ ಎರಡು ತಿರುವಿದ್ದರೆ ಮನಸ್ಸಲ್ಲೇ ಮಾಡಿಬಿಡುತ್ತಿದ್ದೆ. ನಾಲ್ಕೈದು ತಿರುವು ಬಂದರೆ ಮುಗೀತು, ಎಲ್ಲಿದ್ದೀನಿ ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ತಂಗಿಯ ಗಣಿತದ ಚೌಕದ ಪುಸ್ತಕ ಎತ್ತಿಕೊಂಡೆ.

ನನ್ನನ್ನು ಜಾಸ್ತಿ ಸತಾಯಿಸಿದ ಲೆಕ್ಕ ಇದು. ಒಬ್ಬ ಮನೆಯಿಂದ ಉತ್ತರಕ್ಕೆ 10 ಮೀಟರ್ ನಡೆಯುತ್ತಾನೆ. ಬಲಕ್ಕೆ ತಿರುಗಿ 15, ಮತ್ತೆ ಬಲಕ್ಕೆ 35, ಆಮೇಲೆ ಎಡಕ್ಕೆ 5, ಮತ್ತೆ ಎಡಕ್ಕೆ 10 ಮೀಟರ್. ಈಗ ಮನೆಯಿಂದ ಎಷ್ಟು ದೂರ, ಯಾವ ದಿಕ್ಕಿನಲ್ಲಿದ್ದಾನೆ?

ಎಲ್ಲ ಅಳತೆಯೂ 5ರಿಂದ ಭಾಗವಾಗುತ್ತದೆ, ಹಾಗಾಗಿ ಒಂದು ಚೌಕ ಅಂದರೆ 5 ಮೀಟರ್ ಅಂತಿಟ್ಟುಕೊಂಡೆ. ಹಾಳೆಯ ಮೇಲ್ಗಡೆ ಉತ್ತರ. ಮನೆಗೆ ಒಂದು ಚುಕ್ಕೆ. ಮೇಲಕ್ಕೆ 2 ಚೌಕ, ಬಲಕ್ಕೆ 3, ಕೆಳಕ್ಕೆ 7. ಇಲ್ಲಿಯವರೆಗೆ ಸರಿ. ಈಗ ‘ಎಡಕ್ಕೆ’ ಅಂದಾಗ ನಾನು ಹಾಳೆಯ ಎಡಕ್ಕೇ ಗೆರೆ ಎಳೆದುಬಿಟ್ಟೆ. ಅವನ ಮುಖ ದಕ್ಷಿಣಕ್ಕಿದೆ, ಅವನ ಎಡಗೈ ಇರೋದು ಪೂರ್ವಕ್ಕೆ ಅಲ್ವಾ? ಆ ತಪ್ಪು ಗೆರೆಯಿಂದ ಮುಂದುವರಿದು ಕೊನೆಗೆ ಬಲಕ್ಕೆ 2, ಕೆಳಕ್ಕೆ 7 ಚೌಕದಲ್ಲಿ ನಿಂತೆ. 4 ಮತ್ತು 49 ಕೂಡಿದರೆ 53. ಅದರ ವರ್ಗಮೂಲ ಪೂರ್ಣ ಸಂಖ್ಯೆಯಲ್ಲ, ಕೊಟ್ಟ ನಾಲ್ಕು ಉತ್ತರಗಳಲ್ಲೂ ಅದಿರಲಿಲ್ಲ. ಆಗಲೇ ಅನುಮಾನ ಬಂದದ್ದು.

ಅವತ್ತಿನಿಂದ ತಿರುವು ಬಂದಾಗಲೆಲ್ಲ ಹಾಳೆಯನ್ನೇ ತಿರುಗಿಸುತ್ತೇನೆ. ಅವನು ನಡೆಯುವ ಗೆರೆ ನನ್ನೆದುರು ಮೇಲ್ಮುಖವಾಗಿ ಬಂದರೆ ಅವನ ಎಡವೂ ನನ್ನ ಎಡವೂ ಒಂದೇ. ಪಕ್ಕದವರು ಏನಂದುಕೊಂಡರೂ ಸರಿ.

ಸರಿಯಾದ ದಾರಿಯಲ್ಲಿ ಪೂರ್ವಕ್ಕೆ 1 ಚೌಕ. ಪೂರ್ವಕ್ಕೆ ಮುಖ ಮಾಡಿದವನ ಎಡ ಉತ್ತರ, ಆದ್ದರಿಂದ ಮೇಲಕ್ಕೆ 2. ಚುಕ್ಕೆಯಿಂದ ಎಣಿಸಿದರೆ ಬಲಕ್ಕೆ 4, ಕೆಳಕ್ಕೆ 3. 3-4-5ರ ತ್ರಿಕೋನ, ಅಂದರೆ 5 ಚೌಕದಷ್ಟು ದೂರ, 25 ಮೀಟರ್. ದಿಕ್ಕು ಆಗ್ನೇಯ. ಚೌಕ ಎಣಿಸುವಾಗ ಕಣ್ಣು ತಪ್ಪಿದರೆ ಅಂತ ಪಕ್ಕದಲ್ಲಿ ಕೂಡಿಯೂ ನೋಡುತ್ತೇನೆ: ಉತ್ತರಕ್ಕೆ 10 ಮತ್ತು 10, ದಕ್ಷಿಣಕ್ಕೆ 35, ಉಳಿದದ್ದು ದಕ್ಷಿಣಕ್ಕೆ 15. ಪೂರ್ವಕ್ಕೆ 15 ಮತ್ತು 5, ಒಟ್ಟು 20. ಚಿತ್ರಕ್ಕೆ ಹೊಂದುತ್ತದೆ.

ಇಷ್ಟಾದ ಮೇಲೂ ಒಮ್ಮೆ ಅಂಕ ಕಳಕೊಂಡಿದ್ದೇನೆ. ‘ಅವನಿಂದ ಮನೆ ಯಾವ ದಿಕ್ಕಿಗಿದೆ’ ಅಂತ ಕೇಳಿದ್ದರು, ನಾನು ಆಗ್ನೇಯ ಬರೆದೆ. ಅವನು ನಿಂತ ಜಾಗದಿಂದ ನೋಡಿದರೆ ಮನೆ ವಾಯವ್ಯಕ್ಕೆ. ಈಗ ಎಲ್ಲಿಂದ ನೋಡಬೇಕೋ ಆ ಚುಕ್ಕೆಯ ಮೇಲೆ ಪೆನ್ನಿನ ತುದಿ ಇಟ್ಟೇ ದಿಕ್ಕು ಗುರುತಿಸುತ್ತೇನೆ.

‘ಈಶಾನ್ಯಕ್ಕೆ 10 ಮೀಟರ್’ ಅಂತ ಓರೆ ದಾರಿ ಕೊಟ್ಟರೆ ಮಾತ್ರ ಚೌಕ ಎಣಿಸುವ ಹಾಗಿಲ್ಲ. ಚೌಕದ ಮೂಲೆಯಿಂದ ಮೂಲೆಗೆ ಇರುವ ದೂರ ಅದರ ಬದಿಯ ಸುಮಾರು 1.4 ಪಟ್ಟು. ಅಂಥದ್ದಕ್ಕೆ ಸುಮ್ನೆ ಗೆರೆ ಎಳೆದು ಪಕ್ಕದಲ್ಲಿ ಅಳತೆ ಬರೆದುಕೊಳ್ಳುತ್ತೇನೆ.