ಗಡಿ ಸ್ಪಷ್ಟವಾಗಿರಲಿ, ಮಾತು ಗದರಿಸದಿರಲಿ: ಕೈಪಿಡಿ ತಿದ್ದಿದ ಅನುಭವ

ಮಡಿಕೇರಿ, ಸೋಮವಾರಪೇಟೆ ಸುತ್ತಿನ ತೋಟದ ಮನೆಗಳಲ್ಲಿ ಒಂಟಿಯಾಗಿರುವ ಹಿರಿಯರನ್ನು ನಮ್ಮ ಬಳಗದವರು ವಾರಕ್ಕೊಮ್ಮೆ ನೋಡಿ ಬರುತ್ತಾರೆ. ಸ್ವಯಂಸೇವಕರ ಕೈಪಿಡಿಯಲ್ಲಿ ‘ಕರ್ತವ್ಯ ಮತ್ತು ಮಿತಿ’ ಎಂಬ ಭಾಗವನ್ನು ತಿದ್ದುವ ಕೆಲಸ ನನಗೆ ಬಂತು. ಹಳೆಯ ಸಾಲು ಹೀಗಿತ್ತು: “ಔಷಧ ಕೊಡತಕ್ಕದ್ದಲ್ಲ. ಉಡುಗೊರೆ ಪಡೆಯತಕ್ಕದ್ದಲ್ಲ. ತಪ್ಪಿದವರನ್ನು ಕೈಬಿಡಲಾಗುವುದು.” ಇದನ್ನು ಓದಿ ಹೊಸಬರು ಹೆದರುತ್ತಿದ್ದರೇ ಹೊರತು, ಮಾತ್ರೆಯನ್ನು ನೆನಪಿಸಬಹುದೇ ಎಂಬ ಸಣ್ಣ ಪ್ರಶ್ನೆಗೂ ಅವರಿಗೆ ಉತ್ತರ ಸಿಗುತ್ತಿರಲಿಲ್ಲ.

‘ಸಾಧ್ಯವಾದಷ್ಟು ತಪ್ಪಿಸಿ’ ಎಂದು ಮೆತ್ತಗೆ ಬರೆಯೋಣ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಹಾಗೆ ಬರೆದರೆ ಅಜ್ಜಿ ಕೈ ಹಿಡಿದು ಬೇಡಿಕೊಳ್ಳುವ ಹೊತ್ತಿನಲ್ಲಿ ನಿರ್ಧಾರದ ಭಾರವೆಲ್ಲ ಸ್ವಯಂಸೇವಕಿಯ ಮೇಲೆಯೇ ಬೀಳುತ್ತದೆ. ಕ್ರಿಯಾಪದ ಗಟ್ಟಿಯಾಗಿಯೇ ಇರಬೇಕು. ಅಕ್ಕರೆ ಕಾಣಬೇಕಾದದ್ದು ಕಾರಣದಲ್ಲಿ ಮತ್ತು ಬದಲಿ ದಾರಿಯಲ್ಲಿ.

ಆದ್ದರಿಂದ ಮೊದಲು ಮಾಡಬಹುದಾದದ್ದು, ಆಮೇಲೆ ಮಿತಿ, ಅದರ ಕಾರಣ, ಕೊನೆಗೆ ಆ ಕ್ಷಣದಲ್ಲಿ ಆಡಬೇಕಾದ ಮಾತು ಎಂಬ ಕ್ರಮ ಹಿಡಿದೆ. ಔಷಧದ ಸಾಲು ಹೀಗಾಯಿತು: “ಮಾತ್ರೆಯ ಹೊತ್ತನ್ನು ನೆನಪಿಸಿ, ಚೀಟಿ ಓದಿ ಹೇಳಿ, ನೀರು ಕೊಡಿ. ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಕೊಡಬೇಡಿ, ವಾರದ ಡಬ್ಬಿಗೆ ತುಂಬಬೇಡಿ. ವೈದ್ಯರು ಪ್ರಮಾಣ ಬದಲಿಸಿದ ಮೇಲೂ ಹಳೆಯ ಸ್ಟ್ರಿಪ್ ಅದೇ ಡಬ್ಬಿಯಲ್ಲಿ ಉಳಿದಿರಬಹುದು. ಅನುಮಾನ ಬಂದರೆ ‘ಅಜ್ಜೀ, ಇದನ್ನು ನಿಮ್ಮ ಮಗಳಿಗೆ ಕೇಳೋಣ’ ಎಂದು ಅಲ್ಲಿಂದಲೇ ಫೋನ್ ಮಾಡಿ. ಮಗಳು ಸಿಗದಿದ್ದರೆ ಸಂಯೋಜಕರಿಗೆ ಮಾಡಿ.”

ಹೆಚ್ಚು ಯೋಚಿಸಬೇಕಾಗಿ ಬಂದದ್ದು ಉಡುಗೊರೆಯ ವಿಚಾರದಲ್ಲಿ. ಕೊಡಗಿನ ಮನೆಯಲ್ಲಿ ಕೊಟ್ಟ ಕಾಫಿಯನ್ನು ಬೇಡವೆಂದರೆ ಮನೆಯವರಿಗೆ ನೋವಾಗುತ್ತದೆ. ಹೊರಡುವಾಗ ಚೀಲದಲ್ಲಿ ಕಿತ್ತಳೆ, ಕಾಳುಮೆಣಸು ಹಾಕಿ ಕೊಡುವವರೂ ಇದ್ದಾರೆ. ಕಾಳುಮೆಣಸಿನ ಬೆಲೆ ನೋಡಿದರೆ ಅದು ಹಣ ಕೊಟ್ಟ ಹಾಗೆಯೇ. ಹೀಗಾಗಿ ಬೆಲೆ ಕಟ್ಟುವ ಗೋಜಿಗೆ ಹೋಗದೆ, ಜಾಗದಿಂದಲೇ ಗೆರೆ ಎಳೆದೆ: “ಅವರ ಮನೆಯಲ್ಲಿ ಕುಳಿತು ತಿನ್ನುವುದು, ಕುಡಿಯುವುದು ಸಂತೋಷ. ಹೊಸ್ತಿಲು ದಾಟಿಸಿ ಏನನ್ನೂ ಕೊಂಡೊಯ್ಯಬೇಡಿ. ‘ಕಾಫಿ ಇನ್ನೊಂದು ಲೋಟ ಕೊಡಿ, ಚೀಲ ಬೇಡ’ ಎನ್ನಿ.” ಹಣ, ಎಟಿಎಂ ಕಾರ್ಡ್, ಆಸ್ತಿಯ ಕಾಗದಗಳನ್ನು ಮುಟ್ಟಬಾರದು ಎಂಬುದನ್ನು ಬೇರೆಯೇ ಸಾಲಾಗಿ ಬರೆದೆ. ಅದಕ್ಕೆ ವಿನಾಯಿತಿ ಇಲ್ಲ.

ಕರಡನ್ನು ಹೊಸಬರ ಕೈಗೆ ಕೊಟ್ಟು, ಚೆನ್ನಾಗಿದೆಯೇ ಎಂದು ಕೇಳಲಿಲ್ಲ. “ಅಜ್ಜ ಕಾರ್ಡ್ ಕೊಟ್ಟು ಪಿನ್ ಹೇಳಿ, ಪಿಂಚಣಿ ತಂದುಕೊಡು ಎಂದರೆ ಏನು ಮಾಡುತ್ತೀರಿ?” ಎಂದು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿದೆ. ಇಬ್ಬರ ಉತ್ತರ ಬೇರೆ ಬೇರೆಯಾದರೆ ಆ ಸಾಲು ಇನ್ನೂ ಅಸ್ಪಷ್ಟವಾಗಿದೆ ಎಂದೇ ಅರ್ಥ. ಕಾರ್ಡ್ ಮುಟ್ಟುವುದಿಲ್ಲ ಎಂದು ಎಲ್ಲರೂ ಹೇಳಿದರು. ಆದರೆ ಅಜ್ಜನ ಜೊತೆಗೆ ಬ್ಯಾಂಕಿಗೆ ಹೋಗಬಹುದೇ ಎಂಬಲ್ಲಿ ಉತ್ತರಗಳು ಒಡೆದವು. “ಜೊತೆಗೆ ಹೋಗಬಹುದು, ಸಂಯೋಜಕರಿಗೆ ಮೊದಲೇ ತಿಳಿಸಿ, ಹಣ ಎಣಿಸುವುದು, ಸಹಿ ಹಾಕುವುದು ಹಿರಿಯರೇ” ಎಂದು ಸೇರಿಸಿದೆ.

‘ಕೈಬಿಡಲಾಗುವುದು’ ಎಂಬುದನ್ನು ತೆಗೆದು, ಗೆರೆ ದಾಟಿದರೆ ಏನಾಗುತ್ತದೆ ಎಂಬುದನ್ನೇ ಬಿಡಿಸಿ ಬರೆದೆ: ಚೀಲ ತಂದರೆ ಸಂಯೋಜಕರು ಕರೆದು ಮಾತನಾಡುತ್ತಾರೆ, ಚೀಲ ಆ ಮನೆಗೇ ಮರಳುತ್ತದೆ, ಹಣ ಮುಟ್ಟಿದರೆ ವಿಚಾರಣೆ ಮುಗಿಯುವವರೆಗೆ ಭೇಟಿ ನಿಲ್ಲುತ್ತದೆ, ಕುಟುಂಬದವರಿಗೂ ತಿಳಿಸಲಾಗುತ್ತದೆ.