ಬಾಕಿ ಆರ್ಡರ್ ಎಷ್ಟು ಅಂತ ಬಿಚ್ಚಿ ಬರೆದೆವು: ಸೇಲ್ ತಡವಾದಾಗ ಕ್ಷಮೆ ಕೇಳಿದ ನನ್ನ ಅನುಭವ

ನಮ್ಮದು ಪಿಂಗಾಣಿ ಕಪ್ಪು ಮಾರುವ ಸಣ್ಣ ಆನ್‌ಲೈನ್ ಅಂಗಡಿ. ಮಾಮೂಲಿ ದಿನಗಳಲ್ಲಿ ಹದಿನೈದು ಆರ್ಡರ್ ಬಂದರೆ ಹೆಚ್ಚು. ಮೂರು ದಿನದ ಸೇಲ್‌ನಲ್ಲಿ ಸುಮಾರು 640 ಬಂದವು. ಆಮೇಲೆ ಆದದ್ದು ನಿಮಗೆ ಗೊತ್ತೇ ಇರುತ್ತದೆ. ಪ್ಯಾಕಿಂಗ್ ಹಿಂದೆ ಬಿತ್ತು, ಕೊರಿಯರ್ ಗಾಡಿ ಎರಡು ದಿನ ಬರಲೇ ಇಲ್ಲ, ಇನ್‌ಬಾಕ್ಸ್ ತುಂಬಿತು. ಆಗ ನಾವು ಎರಡು ಸಲ ಕ್ಷಮೆ ಕೇಳಿದೆವು. ಮೊದಲನೆಯದು ಕೆಟ್ಟಿತು, ಎರಡನೆಯದು ಅಂಗಡಿಯನ್ನು ಉಳಿಸಿತು. ಎರಡನೆಯದನ್ನು ಹಾಕಬೇಡಿ ಅಂತ ಇದೇ ಕೆಲಸದಲ್ಲಿರುವ ಮೂರು ಜನ ಹೇಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದನ್ನು ಸೇಲ್ ಮುಗಿದ ಮೂರನೇ ದಿನ, ಬುಧವಾರ ಹಾಕಿದೆವು. ಅದರಲ್ಲಿ ಇದ್ದದ್ದು ಇಷ್ಟು: "ನಿರೀಕ್ಷೆಗಿಂತ ಜಾಸ್ತಿ ಆರ್ಡರ್ ಬಂದಿರುವುದರಿಂದ ಮತ್ತು ಕೊರಿಯರ್ ಕಡೆಯ ಸಮಸ್ಯೆಯಿಂದ ಸ್ವಲ್ಪ ತಡವಾಗುತ್ತಿದೆ. 3ರಿಂದ 5 ದಿನಗಳಲ್ಲಿ ತಲುಪಿಸುತ್ತೇವೆ. ಮುಂದಿನ ಖರೀದಿಗೆ ಶೇ. 15 ರಿಯಾಯಿತಿ ಕೂಪನ್ ಇಲ್ಲಿದೆ." ಚೆನ್ನಾಗಿದೆ ಅಂತಲೇ ಅಂದುಕೊಂಡಿದ್ದೆವು. ಒಂದು ಗಂಟೆಯೊಳಗೆ ಬಂದ ಉತ್ತರ ಇನ್ನೂ ನೆನಪಿದೆ: "ಕಪ್ಪೇ ಬಂದಿಲ್ಲ, ಇನ್ನೊಂದು ತಗೊಳ್ಳಿ ಅಂತೀರಲ್ಲ?" ಇನ್ನೊಬ್ಬರು ಬರೆದರು: "ನಾನು ದುಡ್ಡು ಕೊಟ್ಟಿದ್ದು ನಿಮಗೆ, ಕೊರಿಯರ್‌ನವರಿಗಲ್ಲ." ಇಬ್ಬರ ಮಾತೂ ನಿಜವೇ ಅಲ್ವಾ. ಶುಕ್ರವಾರದ ಹೊತ್ತಿಗೆ ಸುಮಾರು 40 ಆರ್ಡರ್ ಕ್ಯಾನ್ಸಲ್ ಆದವು. ಹತ್ತೋ ಹನ್ನೊಂದೋ ಜನ ನಮ್ಮನ್ನು ಕೇಳದೆ ನೇರವಾಗಿ ಬ್ಯಾಂಕಿಗೇ ದೂರು ಕೊಟ್ಟರು. ಹೀಗೆ ಬ್ಯಾಂಕ್ ಮೂಲಕ ಹಣ ಹಿಂದಕ್ಕೆ ಪಡೆಯುವ ಚಾರ್ಜ್‌ಬ್ಯಾಕ್ ಎಂದರೆ ಹಣವೂ ಹೋಗುತ್ತದೆ, ಮೇಲೆ ಶುಲ್ಕವೂ ಬೀಳುತ್ತದೆ, ಆ ಕಪ್ಪು ಆಗಲೇ ಹೊರಟಿದ್ದರೆ ಅದೂ ಹೋಯಿತು.

ತಡಕ್ಕಿಂತ ಹೆಚ್ಚು ಕೋಪ ತರಿಸಿದ್ದು ಬೇರೆ ವಿಷಯ. ಅದು ಗೊತ್ತಾಗುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ನಾವು ಸೋಮವಾರವೇ ಎಲ್ಲ 640 ಲೇಬಲ್‌ಗಳನ್ನೂ ಒಟ್ಟಿಗೆ ಪ್ರಿಂಟ್ ಹಾಕಿಬಿಟ್ಟಿದ್ದೆವು. ಲೇಬಲ್ ತಯಾರಾದ ಕೂಡಲೇ ಅಂಗಡಿಯ ಸಾಫ್ಟ್‌ವೇರ್ ತಾನಾಗಿ "ನಿಮ್ಮ ಆರ್ಡರ್ ಹೊರಟಿದೆ" ಎಂಬ ಮೇಲ್ ಕಳಿಸಿತು. ಆದರೆ ಟ್ರ್ಯಾಕಿಂಗ್ ಪುಟ ತೆರೆದರೆ ಐದು ದಿನವಾದರೂ ಕೊರಿಯರ್‌ನವರ ಮೊದಲ ಸ್ಕ್ಯಾನ್ ಇಲ್ಲ. ಗಿರಾಕಿಯ ಕಣ್ಣಿಗೆ ಇದು ತಡ ಅಲ್ಲ, ಸುಳ್ಳು. ನಿಮ್ಮಲ್ಲೂ ಹೀಗೇ ಆಗುತ್ತಿದೆಯಾ ಅಂತ ತಿಳಿಯಲು ಸುಲಭದ ದಾರಿ ಇದೆ. ಬಂದ ಮೇಲ್‌ಗಳಲ್ಲಿ "ಯಾವಾಗ ಬರುತ್ತೆ" ಅನ್ನುವವು ಎಷ್ಟು, "ಹೊರಟಿದೆ ಅಂದ್ರಲ್ಲ" ಅನ್ನುವವು ಎಷ್ಟು ಎಣಿಸಿ. ನಮ್ಮಲ್ಲಿ ಮುಕ್ಕಾಲು ಭಾಗ ಎರಡನೇ ಥರದ್ದು.

ಇನ್ನೊಂದು ತಪ್ಪೂ ಆಗಲೇ ಸಿಕ್ಕಿತು. ಒಂದು ಕಡೆ ಕ್ಷಮೆ ಕೇಳುತ್ತಿದ್ದೇವೆ, ಇನ್ನೊಂದು ಕಡೆ ಪ್ರತಿ ಕಪ್ಪಿನ ಪುಟದಲ್ಲೂ "2 ದಿನಗಳಲ್ಲಿ ರವಾನೆ" ಅಂತಲೇ ಇದೆ. ಆರ್ಡರ್ ಖಚಿತವಾದಾಗ ಹೋಗುವ ಮೇಲ್‌ನಲ್ಲೂ ಅದೇ ಸಾಲು. ಸೇಲ್ ಮುಗಿದ ಮೇಲೆ ಬಂದ ಹೊಸ ಗಿರಾಕಿಗಳಿಗೂ ನಾವು ಅದೇ ಸುಳ್ಳನ್ನು ಮಾರುತ್ತಿದ್ದೆವು. ಎರಡನೇ ಪೋಸ್ಟ್ ಬರೆಯುವ ಮುಂಚೆ ಆ ಸಾಲುಗಳನ್ನೆಲ್ಲ ಹುಡುಕಿ ತೆಗೆದೆ. ಜಾಹೀರಾತನ್ನೂ ನಿಲ್ಲಿಸಿದೆ.

ಎರಡನೆಯದು ಶನಿವಾರ. ಅಷ್ಟು ಹೊತ್ತಿಗೆ ಸುಮಾರು 190 ಹೊರಟಿದ್ದವು, 40 ಕ್ಯಾನ್ಸಲ್, ಉಳಿದದ್ದು 410ರ ಹತ್ತಿರ. ಈಗ ದಿನಾಂಕ ಹೇಳಬೇಕು. ಐದು ದಿನಕ್ಕೆ 190 ಅಂದರೆ ದಿನಕ್ಕೆ 38. ಗೆಳೆಯರೊಬ್ಬರು ಹೇಳಿದರು, "ನಿಮ್ಮ ಒಳ್ಳೇ ದಿನ 52 ಹೋಗಿದೆಯಲ್ಲ, ಅದನ್ನೇ ಹಿಡಿದು ಎಂಟು ದಿನ ಅಂತ ಬರೀರಿ." ಆದರೆ ಆ 52ರ ಗುಟ್ಟು ನನಗೆ ಗೊತ್ತಿತ್ತು. ಆ ದಿನ ಒಂದೇ ಕಪ್ಪಿನ ಆರ್ಡರ್‌ಗಳನ್ನು ಮಾತ್ರ ಆರಿಸಿ ಪ್ಯಾಕ್ ಮಾಡಿದ್ದೆವು. ಲೆಕ್ಕ ಚೆನ್ನಾಗಿ ಕಾಣಿಸಲಿ ಅಂತ ಮಾಡಿದ ಪ್ರಯೋಗ ಅದು. ಸಂಜೆಯ ಹೊತ್ತಿಗೆ, ಮೊದಲ ದಿನ ನಾಲ್ಕು ಕಪ್ಪು ತೆಗೆದುಕೊಂಡವರು ಕೇಳಿದರು: "ನನ್ನ ತಂಗಿ ಮೂರನೇ ದಿನ ಆರ್ಡರ್ ಮಾಡಿದಳು, ಅವಳದು ಹೊರಟಿದೆ, ನನ್ನದು ಯಾಕಿಲ್ಲ?" ಅಲ್ಲಿಗೆ ಆ ಪ್ರಯೋಗ ಬಿಟ್ಟೆ. ಆರ್ಡರ್ ನಂಬರಿನ ಸಾಲು ಬಿಟ್ಟು ಪ್ಯಾಕ್ ಮಾಡಿದರೆ ಹೊರಗಿನವರಿಗೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಹಾಗಾಗಿ ನಾನು ಹಿಡಿದದ್ದು ಅತಿ ಕೆಟ್ಟ ದಿನವನ್ನು. ಆ ದಿನ 26 ಮಾತ್ರ ಹೋಗಿದ್ದವು. ಹೊಸಬರಿಬ್ಬರು ಬಬಲ್ ಶೀಟ್ ಸುತ್ತುವುದು ಕಲಿಯುತ್ತಿದ್ದರು, ಕಪ್ಪಿನ ಹಿಡಿ ಮುರಿಯುತ್ತಿತ್ತು. 410ಕ್ಕೆ 26ರಂತೆ ಹದಿನಾರು ದಿನ. ಹದಿನಾರು ದಿನ ಅಂತಲೇ ಬರೆದೆ. "ಇಷ್ಟು ದಿನ ಅಂದ್ರೆ ಎಲ್ಲರೂ ಕ್ಯಾನ್ಸಲ್ ಮಾಡ್ತಾರೆ ಕಣ್ರೀ, ಬಾಕಿ ಎಷ್ಟಿದೆ ಅಂತ ಯಾರಾದ್ರೂ ಹೇಳ್ತಾರಾ" ಅಂತ ಇದೇ ಕೆಲಸದಲ್ಲಿರುವ ಆ ಮೂವರೂ ಅಂದರು. ಪೋಸ್ಟ್ ಹೀಗಿತ್ತು:

"ಸೇಲ್‌ನಲ್ಲಿ 640 ಆರ್ಡರ್ ಬಂದವು. ನಾವು ದಿನಕ್ಕೆ ಎಷ್ಟು ಪ್ಯಾಕ್ ಮಾಡಬಲ್ಲೆವು ಎಂದು ಲೆಕ್ಕ ಹಾಕದೆ ಎಲ್ಲವನ್ನೂ ತೆಗೆದುಕೊಂಡೆವು. ತಪ್ಪು ನಮ್ಮದು. ಸೋಮವಾರ ನಿಮಗೆ ಬಂದ 'ಹೊರಟಿದೆ' ಎಂಬ ಮೇಲ್ ನಿಜವಲ್ಲ. ಆಗ ಲೇಬಲ್ ಮಾತ್ರ ತಯಾರಾಗಿತ್ತು. 4310ರವರೆಗಿನ ಆರ್ಡರ್‌ಗಳು ನಿಜವಾಗಿ ಹೊರಟಿವೆ. 4311ರಿಂದ 4440 ಮುಂದಿನ ಗುರುವಾರದೊಳಗೆ ಹೊರಡುತ್ತವೆ. ಕೊನೆಯದು ಇಂದಿನಿಂದ ಹದಿನಾರು ದಿನದೊಳಗೆ. ಕಾಯಲು ಆಗದಿದ್ದರೆ ನಮಗೆ 'ಬೇಡ' ಎಂದು ಮೇಲ್ ಮಾಡಿ, ಅದೇ ದಿನ ಪೂರ್ತಿ ಹಣ ವಾಪಸ್ ಹಾಕುತ್ತೇವೆ. ಬ್ಯಾಂಕಿನಲ್ಲಿ ಕಾಣಲು ಕೆಲವು ದಿನ ಹಿಡಿಯಬಹುದು. ಕಾಯುವವರಿಗೆ ಸಾಗಣೆ ಶುಲ್ಕ ನೀವು ಕೇಳದೆಯೇ ವಾಪಸ್ ಬರುತ್ತದೆ. ಪ್ರತಿದಿನ ಸಂಜೆ ಏಳಕ್ಕೆ ಇಲ್ಲಿ ಹೊಸ ನಂಬರ್ ಹಾಕುತ್ತೇವೆ."

ಮೂರು ದಿನಗಳಲ್ಲಿ "ಬೇಡ" ಎಂದವರು ಇಪ್ಪತ್ತೈದು ಜನ. 410ರಲ್ಲಿ ಇಪ್ಪತ್ತೈದು! ಮೊದಲ ಪೋಸ್ಟಿನ ನಂತರ ಎರಡೇ ದಿನಕ್ಕೆ 40 ಹೋಗಿದ್ದವು. ಹೊಸ ಚಾರ್ಜ್‌ಬ್ಯಾಕ್ ಒಂದೇ ಒಂದು. ಜನಕ್ಕೆ ಬೇಕಿದ್ದದ್ದು ತಮ್ಮ ನಂಬರ್ ಸಾಲಿನಲ್ಲಿ ಎಲ್ಲಿದೆ ಎಂಬುದು, ಅಷ್ಟೇ. ಹೊರಬರುವ ಬಾಗಿಲು ತೆರೆದಿದೆ ಅಂತ ಗೊತ್ತಾದ ಮೇಲೆ ಬಹಳಷ್ಟು ಜನ ಒಳಗೇ ಕೂತರು.

ಸಂಜೆ ಏಳರ ಸುದ್ದಿಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಒಂದು ಮಂಗಳವಾರ ಗಾಡಿ ಬರಲಿಲ್ಲ. ಅಂದೂ ಬರೆದೆವು: "ಇಂದು 41 ಪ್ಯಾಕ್ ಆದವು, ಒಂದೂ ಹೊರಡಲಿಲ್ಲ, ಗಾಡಿ ಬರಲಿಲ್ಲ. ನಾಳೆ ನಾವೇ ಡಬ್ಬಿಗಳನ್ನು ಒಯ್ದು ಕೊಡುತ್ತೇವೆ." ಅಂದು ಬಂದ ದೂರು ಎರಡು. ಈ ಸಲ ಯಾರೂ ಕೊರಿಯರ್ ಮಾತು ಎತ್ತಿ ಬೈಯಲಿಲ್ಲ, ಯಾಕೆಂದರೆ ನಾವು ಅವರ ಮೇಲೆ ಹಾಕಿರಲಿಲ್ಲ, ನಾಳೆ ನಾವೇನು ಮಾಡುತ್ತೇವೆ ಅಂತ ಹೇಳಿದ್ದೆವು. "ಹೊರಟಿದೆ" ಮೇಲನ್ನೂ ಮೊದಲ ಸ್ಕ್ಯಾನ್ ಆದ ಮೇಲೆ ಮಾತ್ರ ಹೋಗುವಂತೆ ಬದಲಿಸಿದೆ.

ನೀಲಿ ಕಪ್ಪಿನದು ಬೇರೆಯೇ ಕಥೆ. ಒಡೆದ ಕಪ್ಪುಗಳನ್ನು ಸ್ಟಾಕ್‌ನಿಂದ ಕಳೆದಿರಲಿಲ್ಲ. ಹಾಗಾಗಿ ಇಲ್ಲದ ಮೂವತ್ತರಷ್ಟು ಕಪ್ಪು ಮಾರಾಟವಾಗಿದ್ದವು. ಇವರಿಗೆ ಆ ಪೋಸ್ಟ್ ಸಾಲದು, ಯಾಕೆಂದರೆ ಇವರದು ತಡ ಅಲ್ಲ, ಕಪ್ಪೇ ಇಲ್ಲ. ಬೇರೆ ಮೇಲ್ ಬರೆದೆವು. ಮೂರು ದಾರಿ ಕೊಟ್ಟೆವು: ಹಸಿರು ಕಪ್ಪು, ಉಳಿದದ್ದನ್ನು ಮಾತ್ರ ಈಗ ಕಳಿಸುವುದು, ಇಲ್ಲವೇ ಪೂರ್ತಿ ಹಣ. ಮೂರು ದಿನ ಉತ್ತರ ಬಾರದಿದ್ದರೆ ನೀಲಿ ಕಪ್ಪಿನ ಹಣ ವಾಪಸ್ ಹಾಕುತ್ತೇವೆ ಎಂದೂ ಬರೆದೆವು. ಕೇಳದೆ ಬೇರೆ ಬಣ್ಣ ಕಳಿಸುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ, ಅದು ವಾಪಸ್ ಬಂದೇ ಬರುತ್ತದೆ. ಅರ್ಧದಷ್ಟು ಜನ ಹಸಿರನ್ನೇ ಒಪ್ಪಿದರು.

ಇನ್ನು ದುಡ್ಡು. ಸಾಗಣೆ ಶುಲ್ಕ ವಾಪಸ್ ಕೊಟ್ಟದ್ದು ದೊಡ್ಡ ಪೆಟ್ಟು ಅಂದುಕೊಂಡಿದ್ದೆ. ಅದಕ್ಕಿಂತ ಜಾಸ್ತಿ ನೋವಾದದ್ದು ಡಬ್ಬಿಯಿಂದ. ನಮ್ಮ 15 ಸೆಂ.ಮೀ. ಡಬ್ಬಿ ಮುಗಿದವು ಅಂತ ಅವಸರದಲ್ಲಿ 20 ಸೆಂ.ಮೀ. ಡಬ್ಬಿ ತಂದೆವು. ನಮ್ಮ ಕೊರಿಯರ್‌ನವರು ಡಬ್ಬಿಯ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ; ಬಂದದ್ದು ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು ಹಾಕುತ್ತಾರೆ. 15ರ ಡಬ್ಬಿಗೆ ಮುಕ್ಕಾಲು ಕಿಲೋ ಕೂಡ ಆಗದು, 20ರದಕ್ಕೆ 1.6 ಕಿಲೋ. ಕಪ್ಪಿನ ತೂಕ ಅರ್ಧ ಕಿಲೋ ಕೂಡ ಇಲ್ಲ! ಐದಾರು ವಾರ ಬಿಟ್ಟು ಬಿಲ್ ಬಂದಾಗ ಗೊತ್ತಾಯಿತು. ರಿಫಂಡ್‌ಗಳಲ್ಲಿ ಪೇಮೆಂಟ್ ಗೇಟ್‌ವೇ ಶುಲ್ಕ ನಮಗೆ ವಾಪಸ್ ಬರಲಿಲ್ಲ. ಎಲ್ಲ ಸೇರಿ ಸೇಲ್‌ನ ಲಾಭದಲ್ಲಿ ಮೂರರಲ್ಲಿ ಒಂದು ಪಾಲು ಹೋಗಿರಬೇಕು. ಆ 410 ಆರ್ಡರ್‌ಗಳಲ್ಲಿ ಬಹುಪಾಲು ಕೈಬಿಟ್ಟಿದ್ದರೆ ಇದಕ್ಕಿಂತ ಜಾಸ್ತಿ ಹೋಗುತ್ತಿತ್ತು.

ನಡುವೆ ಮೇಲ್‌ನಲ್ಲೂ ಒಂದು ಸಣ್ಣ ಪರೀಕ್ಷೆ ಮಾಡಿದೆ. ಅರ್ಧ ಜನಕ್ಕೆ ಲೋಗೋ, ಚಿತ್ರ ಇರುವ ಮೇಲ್ ಕಳಿಸಿದೆ, ಅರ್ಧ ಜನಕ್ಕೆ ಬರೀ ಅಕ್ಷರದ್ದು, ವಿಷಯದ ಸಾಲಿನಲ್ಲಿ ಅವರ ಆರ್ಡರ್ ನಂಬರ್ ಹಾಕಿ. ಚಿತ್ರದ ಮೇಲ್ ಬಂದವರಲ್ಲಿ ಬಹಳ ಜನ ಅದನ್ನು ತೆರೆಯದೆ, ಮತ್ತೆ "ಎಲ್ಲಿದೆ" ಅಂತ ಕೇಳಿದರು. ಇನ್ನೊಂದು ಜಾಹೀರಾತು ಅಂದುಕೊಂಡಿರಬೇಕು. ಅಂದಿನಿಂದ ಬರೀ ಅಕ್ಷರ. ಪ್ಯಾಕಿಂಗ್ ಮೇಜಿನ ವಿಡಿಯೋ ಕೂಡ ಹಾಕಿ ನೋಡಿದೆವು. ನೋಡಿದವರು ಬಹಳ, ಆದರೆ ಪ್ರಶ್ನೆಗಳೇನೂ ಕಮ್ಮಿಯಾಗಲಿಲ್ಲ. ಅದರಲ್ಲಿ ನಂಬರ್ ಇರಲಿಲ್ಲವಲ್ಲ. ದಿನಕ್ಕೆ ಹತ್ತು ಜನಕ್ಕೆ ನಾನೇ ಫೋನ್ ಮಾಡುತ್ತಿದ್ದೆ. ಆ ಹತ್ತು ಜನರನ್ನು ಹೇಗೆ ಆರಿಸುತ್ತಿದ್ದೆ ಎಂಬುದನ್ನು ಮಾತ್ರ ನಾನೇ ಇಟ್ಟುಕೊಳ್ಳುತ್ತೇನೆ. ಉಳಿದ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಅದೇ.

ಕೊನೆಯ ಡಬ್ಬಿ ಹೊರಟದ್ದು ಹನ್ನೆರಡನೇ ದಿನ, ಹೇಳಿದ್ದಕ್ಕಿಂತ ನಾಲ್ಕು ದಿನ ಮೊದಲು. ಆ ಸಂಜೆ ಏಳಕ್ಕೆ ಬರೆದದ್ದು ಒಂದೇ ಸಾಲು: "ಬಾಕಿ: 0." ಅದರ ಕೆಳಗೆ ಒಬ್ಬರು ಕೇಳಿದ್ದರು, ನೀಲಿ ಕಪ್ಪು ಮತ್ತೆ ಯಾವಾಗ ಬರುತ್ತೆ ಅಂತ. ಮೊದಲು ಶೆಲ್ಫ್‌ನಲ್ಲಿದ್ದವನ್ನು ಒಂದೊಂದಾಗಿ ಕೈಯಲ್ಲಿ ಎಣಿಸಿದೆ, ಆಮೇಲೆ ಉತ್ತರ ಬರೆದೆ.