ಹೇಳಿದರೋ, ತಿಳಿಸಿದರೋ, ಘೋಷಿಸಿದರೋ?

ಊರಿನ ಸಭೆಯ ವರದಿ ಬರೆದು ಪತ್ರಿಕೆಗೆ ಕಳಿಸುವವರಿಗೆ ಸಾಲುಸಾಲಿಗೂ ‘ಹೇಳಿದರು’ ಬಂದರೆ ಮುಜುಗರ. ಒಂದನ್ನು ‘ತಿಳಿಸಿದರು’, ಇನ್ನೊಂದನ್ನು ‘ಅಭಿಪ್ರಾಯಪಟ್ಟರು’, ಕೊನೆಯದನ್ನು ‘ಘೋಷಿಸಿದರು’ ಎಂದು ತಿದ್ದುತ್ತಾರೆ. ಓದಲು ಹಿತವಾಗುತ್ತದೆ ನಿಜ, ಆದರೆ ಸಭೆಯಲ್ಲಿ ನಡೆಯದ್ದೂ ವರದಿಯೊಳಗೆ ನುಸುಳುತ್ತದೆ.

ಕಾರವಾರದ ಬೈತಖೋಲ ಬಂದರಿನಲ್ಲಿ ಮೇ ಕೊನೆಗೆ ಮೀನುಗಾರರ ಸಭೆ ನಡೆಯಿತು ಎಂದಿಟ್ಟುಕೊಳ್ಳಿ. ಮೊದಲ ಕರಡಿನಲ್ಲಿ ಎಲ್ಲರ ಮಾತಿಗೂ ‘ಹೇಳಿದರು’ ಎಂದೇ ಹಾಕಿ. ಆಡಿದವರ ಪರವೂ ಅಲ್ಲದ, ವಿರುದ್ಧವೂ ಅಲ್ಲದ ಪದ ಅದು.

ಬಳಿಕ ಒಂದೊಂದೇ ಮಾತನ್ನು ಎತ್ತಿಕೊಳ್ಳಿ. ‘ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ’ ಎಂದರು ಇಲಾಖೆಯ ಅಧಿಕಾರಿ. ಇದು ಘೋಷಣೆಯಲ್ಲ. ನಿಷೇಧ ಬಂದಿರುವುದು ಸರ್ಕಾರದ ಆದೇಶದಿಂದ. ಅಧಿಕಾರಿ ಬಾಯಿ ಬಿಡದಿದ್ದರೂ ಅದು ಜಾರಿಯಾಗುತ್ತದೆ. ಅವರು ಮಾಹಿತಿ ಮುಟ್ಟಿಸಿದ್ದಾರೆ, ಹಾಗಾಗಿ ‘ತಿಳಿಸಿದರು’. ಸಂಘದ ಅಧ್ಯಕ್ಷರು ಎದ್ದು ನಿಂತು ‘ನಾಳೆಯಿಂದ ನಮ್ಮ ಘಟಕದ ಐಸ್ ದರ ಇಳಿಸಿದ್ದೇವೆ’ ಎಂದರೆ ‘ಘೋಷಿಸಿದರು’ ಸರಿ. ಆ ಮಾತಿನಿಂದಲೇ ದರ ಬದಲಾಯಿತು, ಬದಲಾಯಿಸುವ ಅಧಿಕಾರವೂ ಅವರಿಗಿತ್ತು. ‘ದರ ಇಳಿಸಬೇಕು’ ಎಂದ ಸದಸ್ಯ ಎಷ್ಟೇ ಗಟ್ಟಿಯಾಗಿ ಕೂಗಿದ್ದರೂ ಒತ್ತಾಯಿಸಿದ್ದಾನೆ, ಅಷ್ಟೆ.

ದೋಣಿ ಮಾಲೀಕರೊಬ್ಬರು ಮಾತಿನ ನಡುವೆ ಡೀಸೆಲ್ ಸಬ್ಸಿಡಿಯ ವಿಷಯ ತೆಗೆದು ಅಲ್ಲಿಗೇ ಬಿಟ್ಟರೆ ‘ಸಬ್ಸಿಡಿ ವಿಷಯ ಪ್ರಸ್ತಾಪಿಸಿದರು’ ಎನ್ನಿ. ‘ಸಬ್ಸಿಡಿ ಬಂದಿಲ್ಲ ಎಂದು ಪ್ರಸ್ತಾಪಿಸಿದರು’ ಎಂಬುದು ಎಡವುತ್ತದೆ. ಆಡಿದ ಮಾತನ್ನೇ ಕೊಡುವುದಾದರೆ ‘ಹೇಳಿದರು’ ಸಾಕು. ಇನ್ನು ‘ಅಭಿಪ್ರಾಯಪಟ್ಟರು’ ಬೇಕಾಗುವುದು ಬೇರೆಯವರು ಅಲ್ಲಗಳೆಯಬಹುದಾದ ಮಾತಿಗೆ ಮಾತ್ರ. ‘ಮುಂದಿನ ಸಭೆ ಸೋಮವಾರ ಎಂದು ಅಭಿಪ್ರಾಯಪಟ್ಟರು’ ಎಂಬಂಥ ಸಾಲು ನಗೆಪಾಟಲು. ಆದರೂ ಅಂಥವು ಅಚ್ಚಾಗುತ್ತಲೇ ಇರುತ್ತವೆ!

ಹೆಚ್ಚು ಜಾಗ್ರತೆ ಬೇಕಾದದ್ದು ತೀರ್ಪು ಬಚ್ಚಿಟ್ಟುಕೊಂಡ ಪದಗಳಲ್ಲಿ. ‘ಹೂಳೆತ್ತುವ ಕೆಲಸ ಇನ್ನೂ ಮುಗಿದಿಲ್ಲ’ ಎಂದರು ಎಂಜಿನಿಯರ್. ‘ಸ್ಪಷ್ಟಪಡಿಸಿದರು’ ಎಂದು ಬರೆದರೆ ಮೊದಲು ಏನೋ ಗೊಂದಲವಿತ್ತು, ಅವರು ಹೇಳಿದ್ದೇ ನಿಜ ಎಂದಾಗುತ್ತದೆ. ‘ಒಪ್ಪಿಕೊಂಡರು’ ಎಂದರೆ ತಪ್ಪು ಅವರದ್ದೇ ಎಂಬ ಧ್ವನಿ. ‘ಸಮಜಾಯಿಷಿ ನೀಡಿದರು’ ಎಂದರೆ ನೆಪ ಹೇಳಿ ಜಾರಿಕೊಂಡರು ಎಂದು ಓದುಗ ಗ್ರಹಿಸುತ್ತಾನೆ. ಮಾತು ಅದೇ, ಮನುಷ್ಯ ಮಾತ್ರ ಮೂವರಾದ. ಇವುಗಳಲ್ಲಿ ಒಂದನ್ನು ಆರಿಸುವ ಮುನ್ನ ಹಿಂದಿನ ಪ್ರಶ್ನೆ ಏನಿತ್ತು ನೋಡಿ. ‘ಏಪ್ರಿಲ್‌ನಲ್ಲೇ ಮುಗಿಸುತ್ತೇವೆ ಎಂದಿದ್ದಿರಲ್ಲ?’ ಎಂದು ಮೀನುಗಾರರು ಕೇಳಿ, ಅವರು ‘ಹೌದು, ಆಗಲಿಲ್ಲ’ ಎಂದಿದ್ದರೆ ‘ಒಪ್ಪಿಕೊಂಡರು’ ನ್ಯಾಯ. ಯಾರೂ ಕೇಳದೆ ತಾವಾಗಿಯೇ ಪ್ರಗತಿ ವರದಿ ಕೊಟ್ಟಿದ್ದರೆ ‘ತಿಳಿಸಿದರು’.

‘ಗುಡುಗಿದರು’, ‘ಹರಿಹಾಯ್ದರು’ ಎಂಬವನ್ನು ದನಿ ಕಿವಿಯಾರೆ ಕೇಳಿದವರಿಗೆ ಬಿಟ್ಟುಬಿಡಿ. ಸಭೆಗೆ ಹೋಗದೆ ಬೇರೆಯವರ ಟಿಪ್ಪಣಿ ನೋಡಿ ಬರೆಯುತ್ತಿದ್ದರೆ ಮೊದಲ ಕರಡಿನ ‘ಹೇಳಿದರು’ಗಳನ್ನು ಹಾಗೆಯೇ ಇರಗೊಡಿ.